ಶಾಫ್ಟ್ ಒಂದೇ, ಎತ್ತರ ಬೇರೆ

ಪಂಪಿಗೆ ನೇರ ಕಪ್ಲಿಂಗಿನಲ್ಲಿ ಜೋಡಿಸಿದ್ದ ಮೂರು ಹೆಚ್‌ಪಿ ಮೋಟಾರ್ ಸುಟ್ಟಿದೆ ಎಂದುಕೊಳ್ಳಿ. ತ್ರೀಫೇಸ್, ನಿಮಿಷಕ್ಕೆ ಸುಮಾರು 1440 ಸುತ್ತಿನದು. ಅಂಗಡಿಯಲ್ಲಿ ಅದೇ ವೇಗದ ಐದು ಹೆಚ್‌ಪಿ ಮಾತ್ರ ಇದೆ. ‘ಸ್ವಲ್ಪ ಜಾಸ್ತಿಯೇ ಇರಲಿ’ ಎಂದು ತಂದರೆ ಹಳೆಯ ಕಪ್ಲಿಂಗ್ ಹೊಸ ಶಾಫ್ಟಿಗೆ ಸಲೀಸಾಗಿ ಕೂರುತ್ತದೆ. ಎರಡರದ್ದೂ 28 ಮಿ.ಮೀ. ದಪ್ಪ, 60 ಮಿ.ಮೀ. ಉದ್ದ. ಆದರೆ ಬೇಸಿನ ಮೇಲಿಟ್ಟಾಗ ಮೋಟಾರಿನ ಶಾಫ್ಟ್ ಪಂಪಿನದಕ್ಕಿಂತ 12 ಮಿ.ಮೀ. ಮೇಲೆ ನಿಲ್ಲುತ್ತದೆ.

ಕಾರಣ ನೇಮ್‌ಪ್ಲೇಟಿನಲ್ಲೇ ಇದೆ. ಹಳೆಯದರ ಫ್ರೇಮ್ ಸಾಮಾನ್ಯವಾಗಿ 100ಎಲ್, ಹೊಸದರದ್ದು 112ಎಂ. ಕಾಲಿರುವ ಮೋಟಾರಿನಲ್ಲಿ ಈ ಅಂಕಿ ಎಂದರೆ ಕಾಲಿನ ತಳದಿಂದ ಶಾಫ್ಟಿನ ನಡುಮಧ್ಯಕ್ಕಿರುವ ಎತ್ತರ, ಮಿಲಿಮೀಟರಿನಲ್ಲಿ. ಪ್ಲೇಟು ಅಳಿಸಿಹೋಗಿದ್ದರೆ ಮೋಟಾರನ್ನು ಸಮತಟ್ಟಾದ ಜಾಗದಲ್ಲಿಟ್ಟು ಶಾಫ್ಟಿನ ಮೇಲ್ತುದಿಯವರೆಗೆ ಅಳೆದು, ಶಾಫ್ಟಿನ ಅರ್ಧ ದಪ್ಪ ಕಳೆಯಿರಿ. 126 ಬಂದರೆ 14 ಕಳೆದು 112. ಅಳತೆ ಅರ್ಧ ಮಿಲಿಮೀಟರಿನವರೆಗೆ ಕಡಿಮೆ ಬರಬಹುದು, ನಿಯಮ ಅದಕ್ಕೆ ಅವಕಾಶ ಕೊಟ್ಟಿದೆ. ಆ ಕೊರತೆಯನ್ನು ಕಾಲಡಿಯ ತೆಳು ತಗಡು, ಅಂದರೆ ಶಿಮ್, ತುಂಬುತ್ತದೆ.

ಹೊಸ ಮೋಟಾರ್ ಗಿಡ್ಡವಾದರೆ ಪರವಾಗಿಲ್ಲ, ಅಡಿಗೆ ದಪ್ಪ ಪ್ಲೇಟು ಕೊಟ್ಟು ಎತ್ತಬಹುದು. ಎತ್ತರವಾದರೆ ಅದನ್ನು ತಗ್ಗಿಸಲು ದಾರಿಯಿಲ್ಲ. ಪಂಪನ್ನೇ ಎತ್ತಬೇಕು, ಎತ್ತಿದರೆ ಪೈಪುಗಳೂ ಎಳೆದಾಡುತ್ತವೆ. ಜೊತೆಗೆ ಬೋಲ್ಟಿನ ತೂತುಗಳೂ ಹೊಂದವು: ಉದ್ದಕ್ಕೆ ಎರಡರಲ್ಲೂ 140 ಮಿ.ಮೀ. ಅಂತರವಿದ್ದರೂ ಅಡ್ಡಕ್ಕೆ 160 ಇದ್ದದ್ದು 190 ಆಗುತ್ತದೆ. ‘ರಬ್ಬರ್ ಕಪ್ಲಿಂಗ್ ತಾನೇ, ತಡೆದುಕೊಳ್ಳುತ್ತೆ’ ಎಂದು ಓರೆಯಾಗಿಯೇ ಬಿಗಿಯುವವರ ಮಾತು ಕೇಳಬೇಡಿ. ರಬ್ಬರ್ ಪುಡಿ ಉದುರುತ್ತದೆ, ಬೇರಿಂಗ್ ಬಿಸಿಯೇರಿ ಕೂಗುತ್ತದೆ. ಬೆಲ್ಟಿನಲ್ಲಿ ಓಡುವ ಗಿರಣಿಯಾದರೆ ಎತ್ತರದ ಗೊಡವೆ ಇಷ್ಟಿಲ್ಲ. ತೂತು ಕೊರೆದು, ಪುಲ್ಲಿಗಳನ್ನು ಒಂದೇ ಗೆರೆಗೆ ತಂದರೆ ಸಾಕು.

ಕಾಲು ಎಷ್ಟು ಸತಾಯಿಸುತ್ತದೋ ಫ್ಲೇಂಜ್ ಇಲ್ಲಿ ಅಷ್ಟೇ ಉಪಕಾರಿ. ಗೇರ್‌ಬಾಕ್ಸಿಗೆ ಮುಖವೊತ್ತಿ ಕೂರುವ ಬಿ5 ಮಾದರಿಯಲ್ಲಿ 100 ಮತ್ತು 112 ಫ್ರೇಮುಗಳಿಗೆ ಒಂದೇ ಫ್ಲೇಂಜ್: ಹೊರವ್ಯಾಸ 250, ಬೋಲ್ಟುಗಳ ವೃತ್ತ 215, ನಡುವಿನ ಉಬ್ಬು ಬಳೆ 180 ಮಿ.ಮೀ. ಆ ಬಳೆ ಗೇರ್‌ಬಾಕ್ಸಿನ ಗುಳಿಯಲ್ಲಿ ಬಿಗಿಯಾಗಿ ಕೂತು ಶಾಫ್ಟನ್ನು ತಾನೇ ಮಧ್ಯಕ್ಕೆ ತರುತ್ತದೆ. ಶಿಮ್ಮಿನ ಕೆಲಸವೇ ಇಲ್ಲ. ಮೂರರ ಜಾಗಕ್ಕೆ ಐದು ಹೆಚ್‌ಪಿ ಹಾಗೆಯೇ ಹೋಗಿ ಕೂರುತ್ತದೆ. ಗೇರ್‌ಬಾಕ್ಸ್ ಆ ಬಲ ತಡೆಯುತ್ತದೆಯೇ ಎಂಬುದು ಬೇರೆ ಪ್ರಶ್ನೆ, ಅದನ್ನು ಅದರ ಪ್ಲೇಟಿನಲ್ಲೇ ನೋಡಬೇಕು.

ಆದರೆ ಫ್ಲೇಂಜಿನಲ್ಲೂ ಎರಡು ಬಗೆ. ಬಿ5ರಲ್ಲಿ ಬೋಲ್ಟ್ ಫ್ಲೇಂಜಿನ ತೂತಿನಿಂದ ಹಾದು ಯಂತ್ರಕ್ಕೆ ಹೋಗುತ್ತದೆ. ಚಿಕ್ಕ ಮುಖದ ಬಿ14ರಲ್ಲಿ ಮೋಟಾರಿನ ಮುಖದಲ್ಲೇ ಮರೆಯಿದ್ದು, ಬೋಲ್ಟ್ ಯಂತ್ರದ ಕಡೆಯಿಂದ ಬರುತ್ತದೆ. ಅಂಗಡಿಗೆ ಫೋನ್ ಮಾಡುವಾಗ ಹೆಚ್‌ಪಿಯ ಜೊತೆಗೆ ವೇಗ, ಫ್ರೇಮಿನ ಅಂಕಿ, ಬಿ3 ಅಂದರೆ ಕಾಲಿನದೋ, ಬಿ5 ಅಥವಾ ಬಿ14 ಅಂದರೆ ಫ್ಲೇಂಜಿನದೋ ಎಂದು ಹೇಳಿ. ಎರಡೂ ಇರುವುದು ಬೇಕಿದ್ದರೆ ಬಿ35 ಎಂದು ಕೇಳಬೇಕು.