ಅಮೆರಿಕದಿಂದ ವಾಪಸ್ ಬಂದ ವರ್ಷ: ನಿಮ್ಮ ಡಾಲರ್ ಆದಾಯಕ್ಕೆ ಇಲ್ಲಿ ಟ್ಯಾಕ್ಸ್ ಬೀಳುತ್ತಾ?

ನಾನು ಸಿಎ ಅಲ್ಲ, ನಿಮ್ಮ ಹಾಗೇ ಕೋಡ್ ಬರೆಯೋನು. ಆರು ವರ್ಷ ಅಮೆರಿಕದಲ್ಲಿದ್ದು 2022ರ ಡಿಸೆಂಬರ್ 12ರಂದು ಪುಣೆಗೆ ಬಂದೆ. ಅದೇ ದಿನ, ಅದೇ ವಿಮಾನದಲ್ಲಿ ನನ್ನ ರೂಮ್‌ಮೇಟ್ ಕೂಡ ಬಂದ, ಅವನದು ಹುಬ್ಬಳ್ಳಿ. ಇಬ್ಬರೂ ಹೋಗಿದ್ದೂ ಒಟ್ಟಿಗೇ, 2016ರ ಆಗಸ್ಟ್ 10ಕ್ಕೆ. ಆದರೆ ಮುಂದಿನ ಜುಲೈನಲ್ಲಿ ರಿಟರ್ನ್ ಹಾಕುವಾಗ ನನ್ನ ಅಮೆರಿಕದ ಸಂಬಳಕ್ಕೆ ಇಲ್ಲಿ ಸೊನ್ನೆ ಟ್ಯಾಕ್ಸ್. ಅವನ ಎಂಟು ತಿಂಗಳ ಡಾಲರ್ ಸಂಬಳ ಪೂರ್ತಿ ಇಲ್ಲಿನ ರಿಟರ್ನ್ ಒಳಗೆ ಬಂತು. ಯಾಕೆ ಅನ್ನೋದೇ ಇವತ್ತಿನ ವಿಷಯ.

ಮೊದಲು ಒಂದು ತಪ್ಪು ಕಲ್ಪನೆ ಬಿಡೋಣ. ಪಾಸ್‌ಪೋರ್ಟ್ ಯಾವುದು, ವೀಸಾ ಯಾವುದು, ಬ್ಯಾಂಕಿನಲ್ಲಿ ಎನ್‌ಆರ್‌ಐ ಖಾತೆ ಇದೆಯಾ ಅನ್ನೋದರಿಂದ ಟ್ಯಾಕ್ಸ್ ರೆಸಿಡೆನ್ಸಿ ತೀರ್ಮಾನ ಆಗಲ್ಲ. ನಮ್ಮಂಥವರಿಗೆ ಅದು ದಿನಗಳ ಲೆಕ್ಕ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಪ್ರತಿ ವರ್ಷವೂ ಹೊಸದಾಗಿ ಲೆಕ್ಕ ಹಾಕಬೇಕು, ಎರಡು ಹಂತದಲ್ಲಿ.

ಮೊದಲ ಹಂತ: ಈ ವರ್ಷ ನೀವು ರೆಸಿಡೆಂಟಾ? ಭಾರತದಲ್ಲಿ 182 ದಿನ ಅಥವಾ ಹೆಚ್ಚು ಇದ್ದರೆ ಹೌದು. ಅಷ್ಟಿಲ್ಲದಿದ್ದರೂ, ಈ ವರ್ಷ 60 ದಿನ ಮತ್ತು ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇದ್ದರೂ ಹೌದು. ರಜೆಗೆ ಬಂದು ಹೋಗುವವರಿಗೆ ಈ 60ರ ಮಿತಿಯಲ್ಲಿ ರಿಯಾಯಿತಿ ಇದೆ. ಆದರೆ ಅದು ಭೇಟಿಗೆ ಬಂದವರಿಗೆ. ಗಂಟುಮೂಟೆ ಕಟ್ಟಿಕೊಂಡು ಖಾಯಂ ಬಂದವರು ಅದನ್ನು ನಂಬಿ ಕೂರೋದು ಅಪಾಯ.

ಎರಡನೇ ಹಂತ ರೆಸಿಡೆಂಟ್ ಆದವರಿಗೆ ಮಾತ್ರ: ನೀವು ಪೂರ್ತಿ ರೆಸಿಡೆಂಟಾ, ಅಥವಾ ‘ರೆಸಿಡೆಂಟ್ ಬಟ್ ನಾಟ್ ಆರ್ಡಿನರಿಲಿ ರೆಸಿಡೆಂಟಾ’? ಈ ಉದ್ದ ಹೆಸರನ್ನು ಎಲ್ಲರೂ ಆರ್‌ಎನ್‌ಒಆರ್ ಅಂತಾರೆ. ಹಿಂದಿನ 7 ವರ್ಷಗಳಲ್ಲಿ ಒಟ್ಟು 729 ದಿನ ಅಥವಾ ಕಡಿಮೆ ಇಲ್ಲಿದ್ದರೆ, ಇಲ್ಲವೇ ಹಿಂದಿನ 10ರಲ್ಲಿ 9 ವರ್ಷ ನಾನ್-ರೆಸಿಡೆಂಟ್ ಆಗಿದ್ದರೆ ನೀವು ಆರ್‌ಎನ್‌ಒಆರ್. ನಾನ್-ರೆಸಿಡೆಂಟ್‌ಗೂ ಆರ್‌ಎನ್‌ಒಆರ್‌ಗೂ ಹೊರಗಿನ ಸಂಬಳ, ಬಡ್ಡಿ, ಡಿವಿಡೆಂಡ್, ಶೇರು ಮಾರಿದ ಲಾಭಕ್ಕೆ ಇಲ್ಲಿ ಟ್ಯಾಕ್ಸ್ ಇಲ್ಲ. ಪೂರ್ತಿ ರೆಸಿಡೆಂಟ್ ಆದ ವರ್ಷ ಮಾತ್ರ ಜಗತ್ತಿನ ಎಲ್ಲ ಆದಾಯವೂ ಲೆಕ್ಕಕ್ಕೆ ಬರುತ್ತೆ.

ಈಗ ನನ್ನ ಲೆಕ್ಕ ನೋಡಿ. ಹಣಕಾಸು ವರ್ಷದ ಪ್ರಕಾರ ನಾನು ಭಾರತದಲ್ಲಿದ್ದ ದಿನಗಳು ಇವು:

2016–17: 132
2017–18: 0
2018–19: 26
2019–20: 24
2020–21: 0
2021–22: 35
2022–23: 110

ಬಂದ ವರ್ಷ 110 ದಿನ. 182 ಆಗಲಿಲ್ಲ. 60 ದಾಟಿತು, ಆದರೆ ಹಿಂದಿನ ನಾಲ್ಕು ವರ್ಷದ ಮೊತ್ತ ಬರೀ 85. ಹಾಗಾಗಿ ನಾನ್-ರೆಸಿಡೆಂಟ್. 2023–24ಕ್ಕೆ ರೆಸಿಡೆಂಟ್ ಆದೆ, ಆದರೆ ಹಿಂದಿನ ಏಳು ವರ್ಷದ ಮೊತ್ತ 327, ಆದ್ದರಿಂದ ಆರ್‌ಎನ್‌ಒಆರ್. 2024–25ಕ್ಕೆ ಮೊತ್ತ 561, ಮತ್ತೆ ಆರ್‌ಎನ್‌ಒಆರ್. 2025–26ಕ್ಕೆ 926 ಆಯಿತು, ಅಲ್ಲಿಗೆ ಮುಗೀತು.

ರೂಮ್‌ಮೇಟ್‌ನ ಪಟ್ಟಿಯಲ್ಲಿ ಒಂದೇ ಒಂದು ಸಂಖ್ಯೆ ಬೇರೆ. ಕೊರೊನಾ ಸಮಯದಲ್ಲಿ, 2020ರ ಜೂನ್ 5ಕ್ಕೆ ವಂದೇ ಭಾರತ್ ವಿಮಾನದಲ್ಲಿ ಊರಿಗೆ ಬಂದವನು ಮಾರ್ಚ್ 31ರವರೆಗೆ ಮನೆಯಿಂದಲೇ ಕೆಲಸ ಮಾಡಿದ. ಅಂದರೆ 2020–21ರಲ್ಲಿ ನನಗೆ 0, ಅವನಿಗೆ 300. ಅಪ್ಪ-ಅಮ್ಮನ ಜೊತೆ ಇದ್ದೆ ಅನ್ನೋ ಸಮಾಧಾನ ಬಿಟ್ಟರೆ ಆ ದಿನಗಳ ಬಗ್ಗೆ ಅವನು ಆಮೇಲೆ ಯೋಚನೇನೇ ಮಾಡಿರಲಿಲ್ಲ.

ಆದರೆ 2022–23ಕ್ಕೆ ಅವನ ಹಿಂದಿನ ನಾಲ್ಕು ವರ್ಷದ ಮೊತ್ತ 385. ಈ ವರ್ಷದ್ದು 110. ಎರಡೂ ಮಿತಿ ದಾಟಿತು, ರೆಸಿಡೆಂಟ್ ಆದ. ಇನ್ನು ಆರ್‌ಎನ್‌ಒಆರ್ ಆದರೂ ಸಿಗುತ್ತಾ? ಹಿಂದಿನ ಏಳು ವರ್ಷ ಅಂದರೆ 2015–16ರಿಂದ. ಆ ವರ್ಷ ಅವನು ಪೂರ್ತಿ 366 ದಿನ ಇಲ್ಲೇ ಇದ್ದ. ಮೊತ್ತ 883. ಸಿಗಲಿಲ್ಲ. ಹೀಗೆ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಅಮೆರಿಕದಲ್ಲೇ ಕೂತು ದುಡಿದ ಸಂಬಳ ಇಲ್ಲಿನ ರಿಟರ್ನ್‌ಗೆ ಬಂತು. ಅಲ್ಲಿ ಕಟ್ಟಿದ ಫೆಡರಲ್ ಟ್ಯಾಕ್ಸ್‌ಗೆ ಒಪ್ಪಂದದ ಪ್ರಕಾರ ಇಲ್ಲಿ ಕ್ರೆಡಿಟ್ ಕೇಳಬಹುದು, ಫಾರ್ಮ್ 67 ಹಾಕಿ ಅವನು ಅದನ್ನೇ ಮಾಡಿದ. ಆದರೂ ಎರಡು ದೇಶದ ದರಗಳ ನಡುವಿನ ವ್ಯತ್ಯಾಸ ಕೈಯಿಂದ ಹೋಯಿತು. ಆ ಡಿಸೆಂಬರ್ ಬದಲು ಏಪ್ರಿಲ್ ಮೊದಲ ವಾರ ಬಂದಿದ್ದರೆ 2022–23ಕ್ಕೆ ಅವನು ನಾನ್-ರೆಸಿಡೆಂಟ್ ಆಗಿಯೇ ಉಳೀತಿದ್ದ.

ಹಾಗಾಗಿ ಟಿಕೆಟ್ ಬುಕ್ ಮಾಡೋ ಮೊದಲೇ ಪಾಸ್‌ಪೋರ್ಟ್ ಸ್ಟ್ಯಾಂಪ್ ನೋಡಿ ಕಳೆದ ಏಳು ವರ್ಷದ ಪಟ್ಟಿ ಬರೆಯಿರಿ. ಇಳಿದ ದಿನ, ಹೊರಟ ದಿನ ಎರಡನ್ನೂ ಸೇರಿಸಿ ಎಣಿಸೋದು ಸುರಕ್ಷಿತ. ರಾತ್ರಿ 11:50ಕ್ಕೆ ಇಮಿಗ್ರೇಶನ್ ದಾಟಿದರೂ ಅದು ಒಂದು ದಿನವೇ. ಚಿಕ್ಕ ಚಿಕ್ಕ ರಜೆಗಳಷ್ಟೇ ಇದ್ದವರಿಗೆ 182ರ ಗೆರೆ ಮುಖ್ಯ: ಸಾಮಾನ್ಯ ವರ್ಷದಲ್ಲಿ ಅಕ್ಟೋಬರ್ 1ಕ್ಕೆ ಇಳಿದರೆ ಮಾರ್ಚ್ ಕೊನೆಗೆ ಸರಿಯಾಗಿ 182 ದಿನ ಆಗುತ್ತೆ, 2ಕ್ಕೆ ಇಳಿದರೆ 181.

ಈಗ ಆರ್‌ಎನ್‌ಒಆರ್ ಕಾಪಾಡದ ಜಾಗ. ಪುಣೆಯ ಫ್ಲಾಟ್‌ನಲ್ಲಿ ಕೂತು ಅಮೆರಿಕದ ಕಂಪನಿಗೆ ಕೆಲಸ ಮಾಡಿ, ಸಂಬಳ ಅಲ್ಲಿನ ಬ್ಯಾಂಕ್ ಖಾತೆಗೇ ಬಂದರೂ ಅದು ಭಾರತದ ಆದಾಯ. ಕೆಲಸ ಎಲ್ಲಿ ಮಾಡಿದಿರಿ ಅನ್ನೋದೇ ಮುಖ್ಯ, ದುಡ್ಡು ಎಲ್ಲಿ ಬಿತ್ತು ಅನ್ನೋದಲ್ಲ. ಅಲ್ಲಿದ್ದಾಗ ಸಿಕ್ಕಿದ ಆರ್‌ಎಸ್‌ಯು ಇಲ್ಲಿಗೆ ಬಂದ ಮೇಲೆ ವೆಸ್ಟ್ ಆದರೆ, ಗ್ರಾಂಟ್‌ನಿಂದ ವೆಸ್ಟ್‌ವರೆಗಿನ ಅವಧಿಯಲ್ಲಿ ಇಲ್ಲಿ ದುಡಿದ ಪಾಲಿಗೆ ಇಲ್ಲಿ ಟ್ಯಾಕ್ಸ್ ಇದೆ. ಅಲ್ಲೇ ಗಳಿಸಿ, ಅಲ್ಲಿನ ಖಾತೆಗೆ ಬಂದು, ಆಮೇಲೆ ಇಲ್ಲಿಗೆ ಕಳಿಸಿಕೊಂಡ ಉಳಿತಾಯಕ್ಕೆ ಮಾತ್ರ ಮತ್ತೆ ಟ್ಯಾಕ್ಸ್ ಬೀಳಲ್ಲ.

ನಾನು ಮಾಡಿದ ಒಂದು ಕೆಲಸ ಹೇಳ್ತೀನಿ. 2025ರ ಮಾರ್ಚ್ 31ಕ್ಕೆ ನನ್ನ ಆರ್‌ಎನ್‌ಒಆರ್ ಮುಗಿಯುತ್ತೆ ಅಂತ ಪಟ್ಟಿಯಿಂದ ಗೊತ್ತಿತ್ತು. ಹಳೇ ಕಂಪನಿಯ ಶೇರು 40 ಡಾಲರ್‌ಗೆ ಬಂದಿದ್ದು 90 ಆಗಿತ್ತು. ಮಾರ್ಚ್ ಮಧ್ಯದಲ್ಲೇ ಮಾರಿದೆ. ಏಪ್ರಿಲ್‌ನಲ್ಲಿ ಮಾರಿದ್ದರೆ ಆ 50 ಡಾಲರ್ ಲಾಭಕ್ಕೆ ಇಲ್ಲಿ ಟ್ಯಾಕ್ಸ್ ಕಟ್ಟಬೇಕಿತ್ತು. ಅಮೆರಿಕದ ಕಡೆಯ ಲೆಕ್ಕ ಬೇರೆ, ಅದನ್ನು ಬೇರೆಯಾಗಿಯೇ ನೋಡಬೇಕು.

ಪೂರ್ತಿ ರೆಸಿಡೆಂಟ್ ಆದ ಮೇಲೆ ರಿಟರ್ನ್‌ನಲ್ಲಿ Schedule FA ತುಂಬಬೇಕು: ಹೊರಗಿನ ಬ್ಯಾಂಕ್ ಖಾತೆ, ಶೇರು, 401(k) ಎಲ್ಲ. ಆದಾಯ ಬರದಿದ್ದರೂ ತೋರಿಸಬೇಕು. ಅದು ಜನವರಿಯಿಂದ ಡಿಸೆಂಬರ್ ಲೆಕ್ಕ, ಏಪ್ರಿಲ್‌ನಿಂದ ಅಲ್ಲ. ಬಿಟ್ಟರೆ ಕಪ್ಪುಹಣ ಕಾಯಿದೆಯಡಿ 10 ಲಕ್ಷ ರೂಪಾಯಿ ದಂಡ ಹಾಕಬಹುದು. ಮನೆ-ಜಾಗ ಬಿಟ್ಟು ಉಳಿದ ಆಸ್ತಿ ಒಟ್ಟು 20 ಲಕ್ಷದೊಳಗಿದ್ದರೆ 2024ರ ಅಕ್ಟೋಬರ್‌ನಿಂದ ಈ ದಂಡಕ್ಕೆ ವಿನಾಯಿತಿ ಇದೆ. ಆರ್‌ಎನ್‌ಒಆರ್ ಇರುವವರೆಗೆ ಈ ಶೆಡ್ಯೂಲ್ ತುಂಬಬೇಕಿಲ್ಲ.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯಿದೆ ಬಂದರೂ ಈ 182, 60, 365, 729ರ ಲೆಕ್ಕ ಹಾಗೇ ಇದೆ. ನಿಮ್ಮ ಏಳು ವರ್ಷದ ಪಟ್ಟಿ ಮಾಡಿ ಮೊತ್ತ 729ರ ಹತ್ತಿರ ಬಂದರೆ, ಬರೋ ತಾರೀಖು ಗಟ್ಟಿ ಮಾಡೋ ಮುಂಚೆ ಆ ಪಟ್ಟಿಯನ್ನು ಸಿಎಗೆ ತೋರಿಸಿ.