ಎತ್ತರದ ಗಂಟೆ ಒಂದೋ, ಎರಡೋ?

ವಯಸ್ಕರಾದ ಸಾವಿರ ಮಂದಿ ಗಂಡಸರನ್ನು ಅಳೆದು, ಪ್ರತಿಯೊಂದು ಅಂಗುಲಕ್ಕೂ ಎಷ್ಟು ಜನ ಬರುತ್ತಾರೆಂಬುದನ್ನು ಲೆಕ್ಕದ ಕಾಗದದ ಮೇಲೆ ಗುರುತಿಸಿದರೆ, ನಡುವೆ ಉಬ್ಬಿ ಎರಡು ಕಡೆಗೂ ಸಮನಾಗಿ ಇಳಿಯುವ ಒಂದು ರೇಖೆ ದೊರೆಯುತ್ತದೆ. ಕವುಚಿಟ್ಟ ಗಂಟೆಯನ್ನು ಹೋಲುವುದರಿಂದ ಇದಕ್ಕೆ ಗಂಟೆಯಾಕಾರದ ರೇಖೆಯೆಂದು ಹೆಸರು. ಹೆಂಗಸರನ್ನು ಮಾತ್ರ ಅಳೆದರೂ ಹೀಗೆಯೇ. ಆದರೆ ಇಬ್ಬರನ್ನೂ ಒಂದೇ ಪಟ್ಟಿಗೆ ಸೇರಿಸಿದರೆ ಏನಾಗುತ್ತದೆ? ಒಂಟೆಯ ಬೆನ್ನಿನಂತೆ ಎರಡು ಡುಬ್ಬಗಳು ಏಳುತ್ತವೆಯೆಂದು ಬಹುಮಂದಿ ಹೇಳುವರು. ಅನೇಕ ಪಠ್ಯಪುಸ್ತಕಗಳೂ ಹಾಗೆಯೇ ಬರೆದಿವೆ. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಇಲ್ಲಿ ಲೆಕ್ಕಹಾಕಿ ನೋಡಬೇಕೆಂದಿದ್ದೇನೆ.

ಮೊದಲು ಎರಡು ಅಳತೆಗಳ ಪರಿಚಯ ಬೇಕು. ಐವರು ಗೆಳೆಯರ ಎತ್ತರ 64, 66, 67, 68 ಮತ್ತು 70 ಅಂಗುಲಗಳೆಂದು ಭಾವಿಸೋಣ. ಸರಾಸರಿ 67. ಅದರಿಂದ ಒಬ್ಬೊಬ್ಬರೂ ಎಷ್ಟು ದೂರವಿದ್ದಾರೆ? ಕ್ರಮವಾಗಿ 3, 1, 0, 1, 3 ಅಂಗುಲ. ಈ ದೂರಗಳ ವರ್ಗಗಳನ್ನು ಕೂಡಿದರೆ 20. ಐದರಿಂದ ಭಾಗಿಸಿದರೆ 4. ಅದರ ವರ್ಗಮೂಲ 2. ಈ 2 ಅಂಗುಲವೇ ಮಾನಕ ವಿಚಲನೆ. ಗುಂಪಿನ ನಡುವೆಲ್ಲಿದೆ ಎಂಬುದನ್ನು ಸರಾಸರಿಯೂ, ಗುಂಪು ಎಷ್ಟು ಚದರಿದೆ ಎಂಬುದನ್ನು ಮಾನಕ ವಿಚಲನೆಯೂ ಹೇಳುತ್ತವೆ. ಗಂಟೆಯಾಕಾರದ ರೇಖೆಯನ್ನು ಬರೆಯಲು ಈ ಎರಡೇ ಸಾಕು. ನೂರರಲ್ಲಿ ಸುಮಾರು 68 ಮಂದಿ ಸರಾಸರಿಯಿಂದ ಒಂದು ವಿಚಲನೆಯೊಳಗೆ, 95 ಮಂದಿ ಎರಡು ವಿಚಲನೆಗಳೊಳಗೆ ಇರುತ್ತಾರೆ. ಮೂರನ್ನು ದಾಟುವವರು ಸಾವಿರಕ್ಕೆ ಮೂವರು ಮಾತ್ರ.

ಎತ್ತರಕ್ಕೆ ಈ ಆಕಾರವೇ ಏಕೆ ಬರಬೇಕು? ಹತ್ತು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿದರೆ ಅವು ಬೀಳಬಹುದಾದ ಬಗೆಗಳು 1024. ಹತ್ತೂ ತಲೆಯೇ ಬೀಳುವ ಬಗೆ ಒಂದೇ ಒಂದು. ಐದು ತಲೆ ಐದು ಹೂವು ಬೀಳುವ ಬಗೆಗಳಾದರೋ 252. ತುದಿಗೆ ಹೋಗುವ ದಾರಿಗಳು ಕೆಲವು, ನಡುವಿಗೆ ಬರುವ ದಾರಿಗಳು ಹಲವು. ನಾಣ್ಯಗಳ ಸಂಖ್ಯೆ ಹೆಚ್ಚಿದಂತೆ ಲೆಕ್ಕ ಗಂಟೆಯ ಆಕಾರಕ್ಕೆ ಹತ್ತಿರವಾಗುತ್ತದೆಂಬುದನ್ನು ದ ಮುವಾವ್ರ್ 1733ರಲ್ಲಿಯೇ ತೋರಿಸಿದ್ದನು. ಎತ್ತರವೂ ಇಂತಹ ನಾಣ್ಯಗಳ ಮೊತ್ತವೇ. ತಂದೆತಾಯಿಗಳಿಂದ ಬಂದ ಅನುವಂಶೀಯ ಅಂಶಗಳು ಒಂದೊಂದೂ ಕೂದಲೆಳೆಯಷ್ಟು ಕೂಡಿಸುತ್ತವೆ ಇಲ್ಲವೆ ಕಳೆಯುತ್ತವೆ. ಬಾಲ್ಯದ ಆಹಾರ, ಕಾಯಿಲೆಗಳು ತಮ್ಮ ಪಾಲನ್ನು ಸೇರಿಸುತ್ತವೆ. ಮೆಂಡೆಲನ ನಿಯಮಗಳಿಂದಲೇ ಇಂತಹ ಅವಿಚ್ಛಿನ್ನ ಹರಹು ಹುಟ್ಟಬಲ್ಲುದೆಂದು ಆರ್. ಎ. ಫಿಷರ್ 1918ರಲ್ಲಿ ಗಣಿತದಿಂದ ಸ್ಥಾಪಿಸಿದನು. 2022ರಲ್ಲಿ ಐವತ್ತು ಲಕ್ಷಕ್ಕೂ ಮೀರಿದ ಜನರನ್ನು ಪರಿಶೀಲಿಸಿದ ವಿಜ್ಞಾನಿಗಳಿಗೆ ಎತ್ತರದೊಡನೆ ಸಂಬಂಧವುಳ್ಳ ಸುಮಾರು 12,000 ಅನುವಂಶೀಯ ವ್ಯತ್ಯಾಸಗಳು ಸಿಕ್ಕಿದವು.

ಇಲ್ಲಿ ಒಂದು ಷರತ್ತನ್ನು ಮರೆಯಬಾರದು. ಕಾರಣಗಳು ಅನೇಕವಾಗಿರಬೇಕು, ಬಹುಮಟ್ಟಿಗೆ ಒಂದನ್ನೊಂದು ಅವಲಂಬಿಸದಿರಬೇಕು, ಯಾವುದೊಂದೂ ಉಳಿದವನ್ನು ಮೀರಿಸುವಷ್ಟು ದೊಡ್ಡದಾಗಿರಬಾರದು. ಒಂದೇ ಜೀನಿನ ದೋಷದಿಂದ ಉಂಟಾಗುವ ಕೆಲವು ಬಗೆಯ ಕುಬ್ಜತೆಗಳು ಗಂಟೆಯ ಲೆಕ್ಕಕ್ಕೆ ಸಿಗದಿರುವುದು ಇದರಿಂದಲೇ. ಗಂಡು ಹೆಣ್ಣೆಂಬ ಭೇದವೂ ಅಂತಹ ಒಂದು ದೊಡ್ಡ ಕಾರಣ. ಅದು ಕೂದಲೆಳೆಯಲ್ಲ, ಒಮ್ಮೆಗೇ ಹಲವು ಅಂಗುಲಗಳ ನೆಗೆತ.

ಎಷ್ಟು ಅಂಗುಲ? ಕಾರ್ಲ್ ಪಿಯರ್ಸನ್ ಮತ್ತು ಆಲಿಸ್ ಲೀ ಎಂಬವರು ಬ್ರಿಟನ್ನಿನ ಸಾವಿರಕ್ಕೂ ಹೆಚ್ಚು ಕುಟುಂಬಗಳ ಅಳತೆಗಳನ್ನು 1903ರಲ್ಲಿ ಪ್ರಕಟಿಸಿದರು. ವಯಸ್ಕ ಪುತ್ರರ ಸರಾಸರಿ ಸುಮಾರು 68.7 ಅಂಗುಲ, ವಿಚಲನೆ 2.7; ಪುತ್ರಿಯರ ಸರಾಸರಿ 63.9, ವಿಚಲನೆ 2.6. ಸರಾಸರಿಗಳ ಅಂತರ 4.8 ಅಂಗುಲ. ಐದು ಸಾವಿರ ಗಂಡಸರು, ಐದು ಸಾವಿರ ಹೆಂಗಸರು ಇರುವ ಊರೊಂದನ್ನು ಕಲ್ಪಿಸಿಕೊಂಡು, ಈ ಅಂಕಿಗಳಿಗೆ ಹೊಂದುವ ಎರಡು ಗಂಟೆಗಳನ್ನು ಒಂದರ ಮೇಲೊಂದು ಕೂಡಿಸೋಣ.

ಹೆಂಗಸರ ಸರಾಸರಿಯಾದ 63.9ರ ಸುತ್ತ ಒಂದು ಅಂಗುಲದ ಹರಹಿನಲ್ಲಿ ಸುಮಾರು 767 ಹೆಂಗಸರು, 152 ಗಂಡಸರು, ಒಟ್ಟು 919. ಗಂಡಸರ ಸರಾಸರಿಯಾದ 68.7ರ ಸುತ್ತ 739 ಗಂಡಸರು, 140 ಹೆಂಗಸರು, ಒಟ್ಟು 879. ಈ ಎರಡಕ್ಕೂ ನಡುವಣ 66.3ರಲ್ಲಿ ಕಣಿವೆ ಕಾಣಬೇಕೆಂದು ನಮ್ಮ ನಿರೀಕ್ಷೆ. ಆದರೆ ಅಲ್ಲಿ ಸುಮಾರು 500 ಗಂಡಸರೂ 500 ಹೆಂಗಸರೂ ಸೇರಿ 1000 ಮಂದಿ! ಕಣಿವೆಯಿರಬೇಕಾದ ಕಡೆಯಲ್ಲಿಯೇ ಶಿಖರವಿದೆ. 65ರಲ್ಲಿಯೂ 67ರಲ್ಲಿಯೂ ಲೆಕ್ಕಮಾಡಿದರೆ 990ರ ಆಸುಪಾಸು ಬರುತ್ತದೆ. ಎಂದರೆ ದೊರೆತದ್ದು ಎರಡು ಡುಬ್ಬಗಳಲ್ಲ, ನೆತ್ತಿ ಚಪ್ಪಟೆಯಾದ ಒಂದೇ ದಿಬ್ಬ.

ಕಾರಣ ಸರಳವಾದುದು. ಒಂದೇ ಅಗಲದ, ಸಮಸಂಖ್ಯೆಯ ಎರಡು ಗಂಟೆಗಳು ಕೂಡಿದಾಗ ಇಬ್ಬಗೆಯ ಶಿಖರ ಕಾಣಬೇಕಾದರೆ, ಸರಾಸರಿಗಳ ಅಂತರ ಮಾನಕ ವಿಚಲನೆಯ ಎರಡರಷ್ಟನ್ನು ಮೀರಬೇಕು. ನಮ್ಮ ಎರಡು ವಿಚಲನೆಗಳ ಸರಾಸರಿ 2.65, ಅದರ ಎರಡರಷ್ಟು 5.3. ಅಂತರವೋ 4.8 ಮಾತ್ರ. ಗಂಡು ಹೆಣ್ಣಿನ ಭೇದ ಗಂಟೆಯನ್ನು ಕೆಡಿಸುವಷ್ಟು ದೊಡ್ಡದು, ಆದರೆ ಅದನ್ನು ಎರಡಾಗಿ ಸೀಳುವಷ್ಟು ದೊಡ್ಡದಲ್ಲ. ಎತ್ತರದ ರೇಖೆಗೆ ಎರಡು ಶಿಖರಗಳಿವೆಯೆಂಬ ಹಳೆಯ ಉದಾಹರಣೆಯನ್ನು ಷಿಲ್ಲಿಂಗ್ ಮತ್ತು ಅವನ ಇಬ್ಬರು ಸಂಗಡಿಗರು 2002ರಲ್ಲಿ ಪ್ರಶ್ನಿಸಿದ್ದು ಈ ನಿಯಮದ ಬಲದಿಂದಲೇ. ಐವತ್ತು ಅರವತ್ತು ಮಂದಿಯ ತರಗತಿಯಲ್ಲಿ ಎರಡು ಶಿಖರ ಕಂಡರೂ ಬೇಗನೆ ನಂಬಲಾಗದು. ಅಷ್ಟು ಕಡಿಮೆ ಸಂಖ್ಯೆಯಲ್ಲಿ ಕೇವಲ ಆಕಸ್ಮಿಕವಾಗಿಯೂ ನಡುವೆ ಹಳ್ಳ ಬೀಳುವುದುಂಟು.

ಹಾಗಾದರೆ ಒಂದೇ ದಿಬ್ಬವಾಯಿತಲ್ಲ, ಅದನ್ನೇ ಗಂಟೆಯೆಂದು ಕರೆದರೆ ತಪ್ಪೇನು? ತಪ್ಪು ನಡುವಿಗಿಂತ ತುದಿಯಲ್ಲಿ ಚೆನ್ನಾಗಿ ಬಯಲಾಗುತ್ತದೆ. ಸೇರಿಸಿದ ಗುಂಪಿನ ವಿಚಲನೆಯನ್ನು ಕಂಡುಹಿಡಿಯಲು ಮೊದಲು ಎರಡು ವಿಚಲನೆಗಳ ವರ್ಗಗಳ ಸರಾಸರಿಯನ್ನು ತೆಗೆದುಕೊಳ್ಳಬೇಕು. ಅದು ಸುಮಾರು 7.0. ಅದಕ್ಕೆ ಅಂತರದ ಅರ್ಧವಾದ 2.4ರ ವರ್ಗವನ್ನು, ಎಂದರೆ ಸುಮಾರು 5.8ನ್ನು ಕೂಡಿಸಬೇಕು. ಮೊತ್ತ 12.8, ವರ್ಗಮೂಲ 3.6. ಇದು ನಿಜವಾದ ಗಂಟೆಯಾಗಿದ್ದಲ್ಲಿ, 66.3ಕ್ಕಿಂತ ಮೂರು ವಿಚಲನೆ ಮೇಲಿರುವ 77.1 ಅಂಗುಲವನ್ನು, ಎಂದರೆ ಆರಡಿ ಐದಂಗುಲವನ್ನು ದಾಟುವವರು ಹತ್ತು ಸಾವಿರಕ್ಕೆ ಹದಿಮೂವರು ಇರಬೇಕು. ಆದರೆ ಅಷ್ಟೆತ್ತರದವರೆಲ್ಲರೂ ಗಂಡಸರ ಗಂಟೆಯಿಂದಲೇ ಬರಬೇಕಾದವರು. ಆ ಗಂಟೆಯಲ್ಲಿ ನೋಡಿದರೆ ಐದು ಸಾವಿರ ಗಂಡಸರಲ್ಲಿ ಸಿಗುವವರು ಸುಮಾರು ಐವರು! ಬೆರಕೆಯ ಗುಂಪಿಗೆ ಒಂದೇ ಗಂಟೆಯನ್ನು ತೊಡಿಸಿದವನು ಎರಡೂವರೆ ಪಾಲಿನಷ್ಟು ತಪ್ಪು ಲೆಕ್ಕ ಹೇಳಿದಂತಾಯಿತು. ಬಾಗಿಲು, ಮಂಚ, ರೈಲಿನ ಆಸನ ಮುಂತಾದವುಗಳ ಅಳತೆಯನ್ನು ನಿರ್ಧರಿಸುವವರಿಗೆ ಬೇಕಾಗುವುದು ಈ ತುದಿಯ ಅಂಕಿಗಳೇ.

ಇಬ್ಬರನ್ನೂ ಒಟ್ಟಿಗೆ ಎಣಿಸಲೇಬೇಕಾದಾಗ ಏನು ಮಾಡಬೇಕು? ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮಕ್ಕಳ ಎತ್ತರವನ್ನು ಹೋಲಿಸುವಾಗ ಹೆಂಗಸರ ಪ್ರತಿಯೊಂದು ಅಳತೆಯನ್ನೂ 1.08ರಿಂದ ಗುಣಿಸಿ, ಆಮೇಲೆ ಗಂಡಸರೊಡನೆ ಸೇರಿಸಿದನು. ನಮ್ಮ ಅಂಕಿಗಳ ಮೇಲೆ ಇದನ್ನು ಪ್ರಯೋಗಿಸಿದರೆ ಹೆಂಗಸರ 63.9 ಎಂಬುದು 69.0 ಆಗಿ, 2.6 ಎಂಬುದು 2.8 ಆಗಿ, ಗಂಡಸರ 68.7 ಮತ್ತು 2.7ಕ್ಕೆ ಹೆಚ್ಚುಕಡಮೆ ಹೊಂದಿಕೊಳ್ಳುತ್ತವೆ. ದೊಡ್ಡ ಕಾರಣವೊಂದನ್ನು ಹೀಗೆ ಹೊರಗಿಟ್ಟ ಮೇಲೆ ಸಣ್ಣ ಕಾರಣಗಳಷ್ಟೇ ಉಳಿಯುತ್ತವೆ. ಉಳಿದುದರ ರೇಖೆ ಮತ್ತೆ ಗಂಟೆಯಾಗುತ್ತದೆ.