ಓಆರ್‌ಎಸ್: ಪೊಟ್ಟಣಕ್ಕೆ ತಕ್ಕ ನೀರು

ಔಷಧಿ ಅಂಗಡಿಯಲ್ಲಿ ಓಆರ್‌ಎಸ್ ಕೇಳಿದರೆ ಸಾಮಾನ್ಯವಾಗಿ ಎರಡು ಅಳತೆಯ ಪೊಟ್ಟಣಗಳಲ್ಲಿ ಒಂದು ಕೈಗೆ ಬರುತ್ತದೆ. ದೊಡ್ಡದರಲ್ಲಿ ಸುಮಾರು 21 ಗ್ರಾಂ ಪುಡಿ, ಅದಕ್ಕೆ ಒಂದು ಲೀಟರ್ ನೀರು ಬೇಕು. ಚಿಕ್ಕದರಲ್ಲಿ ನಾಲ್ಕು ಗ್ರಾಂ ಚಿಲ್ಲರೆ, ಅದಕ್ಕೆ 200 ಮಿಲಿಲೀಟರ್ ನೀರು ಸಾಕು. ಯಾವುದಕ್ಕೆ ಎಷ್ಟು ಎಂಬುದು ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತದೆ, ಆದರೆ ಅಕ್ಷರ ಸಣ್ಣದು. ವಾಂತಿಭೇದಿಯಿಂದ ಬಸವಳಿದ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನಡುರಾತ್ರಿ ಅದನ್ನು ಓದುವ ತಾಳ್ಮೆ ಯಾರಿಗಿರುತ್ತದೆ? ಪೊಟ್ಟಣ ಯಾವುದೇ ಆಗಿರಲಿ, ಕೈಗೆ ಸಿಕ್ಕ ಲೋಟದ ನೀರಿಗೆ ಅದನ್ನು ಸುರಿದು ಕಲಕಿಬಿಡುತ್ತಾರೆ. ಓಆರ್‌ಎಸ್ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ಇದೇ.

ನೀರಿನ ಅಳತೆ ಇಷ್ಟು ಮುಖ್ಯವಾಗುವುದಕ್ಕೆ ಕಾರಣ ಕರುಳಿನಲ್ಲಿದೆ. ಸಣ್ಣ ಕರುಳಿನ ಒಳಗೋಡೆಯಲ್ಲಿ ಉಪ್ಪಿನ ಸೋಡಿಯಂ ಮತ್ತು ಗ್ಲೂಕೋಸ್ ಎರಡನ್ನೂ ಜೊತೆಯಾಗಿ ಒಳಗೆಳೆದುಕೊಳ್ಳುವ ವ್ಯವಸ್ಥೆಯೊಂದಿದೆ. ಅವು ಒಳಗೆ ಹೋದಾಗ ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಕಾಲರಾದಂಥ ಭೀಕರ ಭೇದಿಯಲ್ಲಿ ಕರುಳು ನೀರನ್ನು ಹೊರಗೆ ಸುರಿಯುತ್ತಿರುವಾಗಲೂ ಈ ವ್ಯವಸ್ಥೆ ಕೆಲಸ ಮಾಡುತ್ತಲೇ ಇರುತ್ತದೆ. ಬರೀ ನೀರು ಕುಡಿಸಿದರೆ ಸಾಲದು, ಉಪ್ಪು ಮತ್ತು ಗ್ಲೂಕೋಸ್ ಸರಿಯಾದ ಪ್ರಮಾಣದಲ್ಲಿ ಕೂಡಿರಬೇಕು ಎನ್ನುವುದು ಇದಕ್ಕೇ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ರಕಾರ ಒಂದು ಲೀಟರ್‌ಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರಬೇಕು.

ಈ ಸೂತ್ರ ಬಂದದ್ದು 2002ರಲ್ಲಿ. ಅದಕ್ಕೆ ಮುಂಚಿನ ಓಆರ್‌ಎಸ್ ಇದಕ್ಕಿಂತ ಗಟ್ಟಿಯಾಗಿತ್ತು. ಅದರ ಸಾಂದ್ರತೆಯನ್ನು ಸುಮಾರು ಐದರಲ್ಲಿ ಒಂದು ಭಾಗದಷ್ಟು ಇಳಿಸಿದಾಗ ಮಕ್ಕಳಲ್ಲಿ ಭೇದಿಯ ಪ್ರಮಾಣವೂ ವಾಂತಿಯೂ ಕಡಿಮೆಯಾದವು, ಡ್ರಿಪ್ ಹಾಕಬೇಕಾದ ಪ್ರಸಂಗಗಳೂ ತಗ್ಗಿದವು. ಅಷ್ಟು ಸಣ್ಣ ವ್ಯತ್ಯಾಸವೇ ಮಗುವಿನ ಕರುಳಿಗೆ ಗೊತ್ತಾಗುತ್ತದೆ. ಹಾಗಿರುವಾಗ ಒಂದು ಲೀಟರ್‌ನ ಪೊಟ್ಟಣವನ್ನು 200 ಮಿಲಿಲೀಟರ್ ಲೋಟಕ್ಕೆ ಸುರಿದರೆ ಏನಾಗಬೇಡ? ದ್ರಾವಣ ಐದು ಪಟ್ಟು ಗಟ್ಟಿಯಾಗುತ್ತದೆ. ಒಳಗೆ ಹೋಗಬೇಕಿದ್ದ ನೀರನ್ನು ಅದು ಮೈಯಿಂದಲೇ ಕರುಳಿಗೆ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ರಕ್ತದಲ್ಲಿ ಉಪ್ಪಿನಂಶ ಏರಿ ಮಗುವಿಗೆ ಫಿಟ್ಸ್ ಕೂಡ ಬರಬಹುದು. ಇಂಥ ಮಗು ತೀರದ ದಾಹದಿಂದ ಲೋಟಕ್ಕಾಗಿ ಕೈ ಚಾಚುತ್ತದೆ. ಓಆರ್‌ಎಸ್ ಒಗ್ಗುತ್ತಿದೆಯೆಂದು ಮನೆಯವರು ಅದೇ ಗಟ್ಟಿ ದ್ರಾವಣವನ್ನು ಇನ್ನಷ್ಟು ಕುಡಿಸುತ್ತಾರೆ. ತಪ್ಪು ಇನ್ನೊಂದು ಕಡೆಗೂ ಆಗುತ್ತದೆ. ಚಿಕ್ಕ ಪೊಟ್ಟಣವನ್ನು ಲೀಟರ್ ನೀರಿಗೆ ಹಾಕಿದರೆ ನೀರು ಸಿಗುತ್ತದೆ, ಕಳೆದುಹೋದ ಉಪ್ಪು ಸಿಗುವುದಿಲ್ಲ.

ಹಾಗಾದರೆ ಮನೆಯಲ್ಲಿ ಒಂದು ಲೀಟರ್ ಅಳೆಯುವುದು ಹೇಗೆ? ನಮ್ಮ ಸ್ಟೀಲ್ ಲೋಟಗಳನ್ನು ನಂಬುವಂತಿಲ್ಲ. ಒಂದರಲ್ಲಿ 150 ಮಿಲಿಲೀಟರ್ ಹಿಡಿದರೆ ಪಕ್ಕದ್ದರಲ್ಲಿ 300 ಹಿಡಿಯುತ್ತದೆ. ‘ಐದು ಲೋಟ ನೀರು’ ಎಂದು ಬಾಯಲ್ಲಿ ಹೇಳುವ ಲೆಕ್ಕ ಕೈಕೊಡುವುದು ಇಲ್ಲೇ. ಅಂಗಡಿಯಲ್ಲಿ ಸಿಗುವ ಕುಡಿಯುವ ನೀರಿನ ಒಂದು ಲೀಟರ್ ಬಾಟಲಿ ಇದಕ್ಕೆ ಸಾಕು. ಆದರೆ ಬಾಟಲಿಯ ಮೇಲೆ ‘1 ಲೀಟರ್’ ಎಂದೇ ಇದೆಯೇ ನೋಡಿಕೊಳ್ಳಿ, ತಂಪು ಪಾನೀಯದ ಬಾಟಲಿಗಳು 750 ಮಿಲಿಲೀಟರ್‌ನವೂ ಇರುತ್ತವೆ. ಆ ಬಾಟಲಿಯ ನೀರನ್ನು ಅಡುಗೆಮನೆಯ ಒಂದು ಪಾತ್ರೆಗೆ ಸುರಿದು, ನೀರು ನಿಂತ ಮಟ್ಟಕ್ಕೆ ಒಂದು ಗೆರೆ ಎಳೆದಿಟ್ಟುಕೊಂಡರೆ ಆ ಪಾತ್ರೆಯೇ ನಿಮ್ಮ ಅಳತೆ.

ಕೈಗಳನ್ನು ಸೋಪು ಹಚ್ಚಿ ತೊಳೆದುಕೊಳ್ಳಿ. ಕುದಿಸಿ ಪೂರ್ತಿ ಆರಿಸಿದ ನೀರನ್ನು ಗೆರೆಯವರೆಗೆ ತುಂಬಿ. ಕುದಿಸಿ ಆರಿಸುವಷ್ಟು ಸಮಯವಿಲ್ಲದಿದ್ದರೆ ಮನೆಯಲ್ಲಿರುವ ಅತ್ಯಂತ ಶುದ್ಧ ನೀರನ್ನೇ ಬಳಸಿ, ಅದಕ್ಕಾಗಿ ಕಾಯುತ್ತ ಕೂರುವುದು ಬೇಡ. ಇಡೀ ಪೊಟ್ಟಣವನ್ನು ಒಮ್ಮೆಗೇ ಸುರಿದು ಕರಗುವವರೆಗೆ ಕಲಕಿ. ‘ಈಗ ಅರ್ಧ, ಸಂಜೆಗೆ ಅರ್ಧ’ ಎಂದು ಪುಡಿಯನ್ನು ಪಾಲು ಮಾಡಬಾರದು. ಪೊಟ್ಟಣದೊಳಗೆ ಉಪ್ಪೂ ಗ್ಲೂಕೋಸೂ ಒಂದೇ ಸಮ ಬೆರೆತಿರುತ್ತವೆ ಎನ್ನಲಾಗದು, ಕಣ್ಣಳತೆಯ ಅರ್ಧ ಅರ್ಧವಾಗಿರುವುದೂ ಇಲ್ಲ. ಬೆರೆಸಿದ ಮೇಲೆ ಮತ್ತೆ ಕುದಿಸಬಾರದು, ನೀರು ಆವಿಯಾಗಿ ದ್ರಾವಣ ಗಟ್ಟಿಯಾಗುತ್ತದೆ. ಹಾಲು, ಹಣ್ಣಿನ ರಸ, ಸೋಡಾ ಇವುಗಳಲ್ಲಿ ಬೆರೆಸಬಾರದು. ರುಚಿಗೆಂದು ಒಂದು ಚಮಚ ಸಕ್ಕರೆಯನ್ನೂ ಸೇರಿಸಬಾರದು. ಕುಡಿಸುವ ಮುನ್ನ ನೀವೇ ಒಂದು ಗುಟುಕು ನೋಡಿ. ಕಣ್ಣೀರಿಗಿಂತ ಹೆಚ್ಚು ಉಪ್ಪೆನಿಸಿದರೆ ಅಳತೆ ತಪ್ಪಿದೆ, ಚೆಲ್ಲಿ ಹೊಸದಾಗಿ ಮಾಡಿ. ಮುಚ್ಚಿಟ್ಟ ದ್ರಾವಣವನ್ನು 24 ಗಂಟೆಯೊಳಗೆ ಬಳಸಿ ಮುಗಿಸಬೇಕು. ಉಳಿದದ್ದನ್ನು ಚೆಲ್ಲುವಾಗ ಜೀವ ಚುರ್ ಎನ್ನುವುದು ಸಹಜ, ಆದರೂ ಚೆಲ್ಲಿ. ಸಿಹಿಯಿರುವ ನೀರಿನಲ್ಲಿ ರೋಗಾಣು ಸುಲಭವಾಗಿ ಬೆಳೆಯುತ್ತದೆ.

ಇನ್ನು ಕುಡಿಸುವ ಬಗೆ. ಹತ್ತು ಕಿಲೋ ತೂಕದ, ಒಂದೂವರೆ ವರ್ಷದ ಮಗುವನ್ನು ತೆಗೆದುಕೊಳ್ಳೋಣ. ಬೆಳಗಿನಿಂದ ನಾಲ್ಕು ಸಲ ನೀರಾಗಿ ಭೇದಿಯಾಗಿದೆ, ಆದರೆ ಮಗು ಆಡುತ್ತಿದೆ, ಮೂತ್ರವೂ ಆಗುತ್ತಿದೆ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೂ 50ರಿಂದ 100 ಮಿಲಿಲೀಟರ್ ಕೊಡಬೇಕು, ಎಂದರೆ ಹತ್ತರಿಂದ ಇಪ್ಪತ್ತು ಟೀ ಚಮಚ. ಎರಡರಿಂದ ಹತ್ತು ವರ್ಷದ ಮಕ್ಕಳಿಗೆ ಇದರ ಎರಡರಷ್ಟು. ಅದಕ್ಕೂ ದೊಡ್ಡವರು ಬೇಕೆನಿಸಿದಷ್ಟು ಕುಡಿಯಬಹುದು.

ಇದೇ ಮಗು ಸಂಜೆಯ ಹೊತ್ತಿಗೆ ಕಿರಿಕಿರಿ ಮಾಡತೊಡಗಿತು, ಕಣ್ಣು ಗುಳಿಬಿದ್ದಿವೆ, ನೀರು ಕಂಡರೆ ಆತುರಪಡುತ್ತದೆ ಎನ್ನಿ. ಮೈಯಲ್ಲಿ ಆಗಲೇ ನೀರು ಕಡಿಮೆಯಾಗಿದೆ ಎಂದರ್ಥ. ಆಗ ವೈದ್ಯರು ಅನುಸರಿಸುವ ಲೆಕ್ಕ ಕಿಲೋಗೆ 75 ಮಿಲಿಲೀಟರ್‌ನಂತೆ ನಾಲ್ಕು ಗಂಟೆಯಲ್ಲಿ. ಹತ್ತು ಕಿಲೋ ಮಗುವಿಗೆ 750 ಮಿಲಿಲೀಟರ್ ಆಯಿತು. ಮುಕ್ಕಾಲು ಲೀಟರ್ ಎಂದರೆ ಯಾವ ತಾಯಿಗಾದರೂ ಎದೆ ಧಸಕ್ಕೆನ್ನುತ್ತದೆ. ಆದರೆ ಚಮಚದಲ್ಲಿ ಲೆಕ್ಕ ಹಾಕಿ: ಐದು ಮಿಲಿಲೀಟರ್‌ನ ಟೀ ಚಮಚದಲ್ಲಿ ನಿಮಿಷಕ್ಕೊಂದು ಸಲ ಕೊಟ್ಟರೆ ಗಂಟೆಗೆ 300 ಮಿಲಿಲೀಟರ್ ಆಗುತ್ತದೆ. ಒಂದೂವರೆ ನಿಮಿಷಕ್ಕೊಂದು ಚಮಚ ಕೊಟ್ಟರೂ ನಾಲ್ಕು ಗಂಟೆಯಲ್ಲಿ ಮುಕ್ಕಾಲು ಲೀಟರ್ ಮುಗಿದಿರುತ್ತದೆ. ಇದನ್ನು ಆರೋಗ್ಯ ಕೇಂದ್ರದಲ್ಲಿ, ನೋಡಿಕೊಳ್ಳುವವರ ಎದುರಿಗೆ ಮಾಡುವುದು ಕ್ಷೇಮ. ಆದರೆ ಹೊರಡುವ ಮುನ್ನವೇ ಚಮಚ ಶುರುವಾಗಿರಬೇಕು.

ಬಾಯಾರಿದ ಮಗು ಲೋಟ ಕಸಿದುಕೊಂಡು ಗಟಗಟನೆ ಕುಡಿದರೆ ಹೊಟ್ಟೆ ಒಮ್ಮೆಲೇ ಉಬ್ಬಿ ಎಲ್ಲವೂ ವಾಂತಿಯಾಗುತ್ತದೆ. ‘ಓಆರ್‌ಎಸ್ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ’ ಎಂಬ ದೂರು ಹುಟ್ಟುವುದು ಬಹುತೇಕ ಹೀಗೆ. ಅದಕ್ಕೇ ಚಮಚ. ಎಳೆಗೂಸಾದರೆ ಅಜ್ಜಿಯರು ಬಳಸುತ್ತಿದ್ದ ಒಳಲೆಯೂ ಆಗಬಹುದು, ಚೆನ್ನಾಗಿ ತೊಳೆದಿರಬೇಕು. ಹಾಲಿನ ಬಾಟಲಿ ಬೇಡ. ಅದರ ನಿಪ್ಪಲ್ ಸ್ವಚ್ಛವಾಗಿಡುವುದು ಕಷ್ಟ, ಮಗು ಆತುರದಲ್ಲಿ ಹೀರುವುದನ್ನು ತಡೆಯುವುದೂ ಕಷ್ಟ. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರುಮಾಡಿ, ಈ ಸಲ ಎರಡು ಮೂರು ನಿಮಿಷಕ್ಕೊಂದು ಚಮಚ. ವಾಂತಿಯಾದದ್ದರಲ್ಲಿ ಒಂದಷ್ಟು ಹೋದರೂ ಮಿಕ್ಕದ್ದು ಒಳಗೆ ಉಳಿದಿರುತ್ತದೆ.

ಹೀಗೆ ಒಂದು ದಿನ ಕುಡಿಸಿದ ಮೇಲೆ ಅನೇಕರು ಕೈಬಿಡುತ್ತಾರೆ, ಭೇದಿ ನಿಂತಿಲ್ಲವೆಂದು. ಭೇದಿ ನಿಲ್ಲಿಸುವುದು ಓಆರ್‌ಎಸ್‌ನ ಕೆಲಸವೇ ಅಲ್ಲ. ಭೇದಿ ಕೆಲವು ದಿನ ಇದ್ದು ತಾನಾಗಿ ಹೋಗುತ್ತದೆ, ಅಲ್ಲಿಯವರೆಗೆ ಮೈಯ ನೀರು ಬತ್ತದಂತೆ ಕಾಯುವುದಷ್ಟೇ ಇದರ ಕೆಲಸ. ಆದ್ದರಿಂದ ಎಷ್ಟು ಸಲ ಭೇದಿಯಾಯಿತು ಎಂದು ಎಣಿಸುವ ಬದಲು ಮೂತ್ರ ಆಗುತ್ತಿದೆಯೇ, ಬಾಯಿ ತೇವವಾಗಿದೆಯೇ, ಮಗು ಆಟಕ್ಕೆ ಬಂತೇ ಎಂದು ನೋಡಿ. ಭೇದಿ ಕಟ್ಟುವ ಮಾತ್ರೆಯನ್ನು ಮಕ್ಕಳಿಗೆ ನೀವಾಗಿಯೇ ಕೊಡಬೇಡಿ. ಎದೆಹಾಲು ನಿಲ್ಲಿಸಬಾರದು, ಊಟವನ್ನೂ ನಿಲ್ಲಿಸಬಾರದು. ಗಂಜಿ, ಮೊಸರನ್ನ, ಮೆತ್ತಗಿನ ಇಡ್ಲಿ, ಬಾಳೆಹಣ್ಣು ಎಲ್ಲವೂ ಆಗುತ್ತವೆ. ಜೊತೆಗೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಜಿಂಕ್ ಮಾತ್ರೆ ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂನಂತೆ, ಭೇದಿ ನಿಂತ ಮೇಲೂ ಸೇರಿ, 14 ದಿನ.

ಮನೆಯವರು ಇದನ್ನೆಲ್ಲ ನಿಭಾಯಿಸಬಲ್ಲರೇ ಎಂಬ ಅನುಮಾನ ಒಂದು ಕಾಲಕ್ಕೆ ವೈದ್ಯರಿಗೂ ಇತ್ತು. 1971ರಲ್ಲಿ ಬಾಂಗ್ಲಾ ನಿರಾಶ್ರಿತರಿಂದ ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಸಾಲದಾದಾಗ, ಡಾ. ದಿಲೀಪ್ ಮಹಾಲನೊಬಿಸ್ ಅವರು ತೂಗಿ ಕಟ್ಟಿದ ಉಪ್ಪು, ಸೋಡಾ, ಗ್ಲೂಕೋಸಿನ ಪುಡಿಯನ್ನು ಡ್ರಮ್‌ಗಳ ನೀರಿಗೆ ಬೆರೆಸಿಟ್ಟರು. ರೋಗಿಗಳಿಗೆ ಅದನ್ನು ಕುಡಿಸಿದವರು ಅವರವರ ಬಂಧುಗಳೇ. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕರೊಳಗೆ ಇಳಿಯಿತು. ಅಲ್ಲಿ ಅಳತೆ ಸರಿಯಿತ್ತು, ಕುಡಿಸುವ ಕೈಗೆ ತಾಳ್ಮೆಯಿತ್ತು.

ಪೊಟ್ಟಣ ಸಿಗದ ರಾತ್ರಿಯಲ್ಲಿ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಬಹುದು. ಚಮಚದ ಮೇಲೆ ಗುಪ್ಪೆಯಾಗಿ ನಿಂತದ್ದನ್ನು ಚಾಕುವಿನ ಬೆನ್ನಿನಿಂದ ಸವರಿ ಸಮ ಮಾಡಲೇಬೇಕು. ಉಪ್ಪಿನ ವಿಷಯದಲ್ಲಂತೂ ಅಂದಾಜು ಕೂಡದು. ಇದರಲ್ಲಿ ಪೊಟ್ಯಾಸಿಯಂ ಇರುವುದಿಲ್ಲ, ಆದ್ದರಿಂದ ಬೆಳಗಾಗುತ್ತಲೇ ಪೊಟ್ಟಣ ತರಿಸಿಕೊಳ್ಳಿ. ಉಪ್ಪು ಹಾಕಿದ ತಿಳಿಗಂಜಿ, ತೆಳು ಮಜ್ಜಿಗೆ ಒಳ್ಳೆಯ ಜೊತೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ತೀರಾ ಕಡಿಮೆ, ಹಾಗಾಗಿ ಅದು ಓಆರ್‌ಎಸ್‌ಗೆ ಬದಲಿಯಲ್ಲ. ಹೆಸರಿನಲ್ಲಿ ‘ಓಆರ್‌ಎಸ್’ ಹೊತ್ತ ಸಿಹಿ ಪಾನೀಯದ ಡಬ್ಬಿಗಳಂತೂ ವರ್ಷಗಟ್ಟಲೆ ಔಷಧಿ ಅಂಗಡಿಯಲ್ಲೇ ಮಾರಾಟವಾದವು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಮೇಲೆ ಆ ಹೆಸರು ಬಳಸುವುದನ್ನು ನಿಷೇಧಿಸಿತು. ಅತಿ ಸಕ್ಕರೆಯ ಪಾನೀಯ ಭೇದಿಯನ್ನು ಹೆಚ್ಚಿಸುತ್ತದೆ. ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯೇ ನೋಡಿ.

ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿರುವ ಹಿರಿಯರು ವೈದ್ಯರನ್ನು ಕೇಳಿಯೇ ಅಳತೆ ನಿರ್ಧರಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ ಭೇದಿಯಾದರೆ ಮನೆಮದ್ದು ಬೇಡ, ನೇರ ಆಸ್ಪತ್ರೆಗೆ. ದೊಡ್ಡ ಮಕ್ಕಳಲ್ಲೂ ಮಲದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ಆರು ಗಂಟೆಯಿಂದ ಮೂತ್ರವಾಗದಿದ್ದರೆ, ಮಗು ಮಂಕಾಗಿ ತೂಕಡಿಸುತ್ತಿದ್ದರೆ, ಅಥವಾ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟಾಗ ಅದು ನಿಧಾನವಾಗಿ ಇಳಿದರೆ ತಡಮಾಡದೆ ಹೊರಡಿ. ಪ್ರಜ್ಞೆ ತಪ್ಪಿದ ಮಗುವಿನ ಬಾಯಿಗೆ ಏನನ್ನೂ ಹಾಕಬೇಡಿ. ಎಚ್ಚರವಾಗಿದ್ದು ನುಂಗಬಲ್ಲ ಮಗುವಿಗೆ ಮಾತ್ರ, ಆಸ್ಪತ್ರೆಯ ಬಾಗಿಲು ಬರುವವರೆಗೂ ದಾರಿಯುದ್ದಕ್ಕೂ ಚಮಚ ಚಮಚವಾಗಿ ಕೊಡುತ್ತಲೇ ಇರಿ.